ಕಾರ್ಡ್ ಲಿಮಿಟ್ ಏರಿಸುವ ಪತ್ರ: ಸುಮ್ಮನಿದ್ದರೆ ಒಪ್ಪಿದ ಹಾಗೆ ಆಗುತ್ತದೆಯೇ?

ಪ್ರಶ್ನೆ: ಸರ್, ನನ್ನ ಕ್ರೆಡಿಟ್ ಕಾರ್ಡ್ ಲಿಮಿಟ್ 80,000 ರೂಪಾಯಿ ಇತ್ತು. ಅದನ್ನು 2,40,000 ಮಾಡುತ್ತೇವೆ, ಕಾರ್ಡನ್ನೂ ಮೇಲಿನ ದರ್ಜೆಗೆ ಏರಿಸುತ್ತೇವೆ ಎಂದು ಬ್ಯಾಂಕಿನಿಂದ ಪತ್ರ ಬಂದಿದೆ. ಪತ್ರದ ತಾರೀಖು ಆಗಸ್ಟ್ 28, ನನ್ನ ಕೈಗೆ ಸಿಕ್ಕಿದ್ದು ಸೆಪ್ಟೆಂಬರ್ 4. ಹಿಂದಿನ ಪುಟದಲ್ಲಿ ಹೊಸ ಚಾರ್ಜುಗಳ ಪಟ್ಟಿ ಇದೆ, ಅದು ಸೆಪ್ಟೆಂಬರ್ 15ರಿಂದ ಜಾರಿಯಂತೆ. 15 ದಿನದೊಳಗೆ ಉತ್ತರ ಕೊಡದಿದ್ದರೆ ಒಪ್ಪಿದಂತೆ ಎಂದೂ ಬರೆದಿದ್ದಾರೆ. ಲಿಮಿಟ್ ಜಾಸ್ತಿ ಆದರೆ ನನಗೆ ಅನುಕೂಲವೇ. ಉಳಿದದ್ದು ಅರ್ಥವಾಗುತ್ತಿಲ್ಲ. ಮಗಳ ಹತ್ತಿರ ಇದೇ ಖಾತೆಯ ಆಡ್-ಆನ್ ಕಾರ್ಡ್ ಇದೆ. ಪತ್ರದ ಎರಡೂ ಪುಟಗಳ ಫೋಟೊ ಮತ್ತು ಹಳೆ ಸ್ಟೇಟ್‌ಮೆಂಟ್ ಕಳಿಸಿದ್ದೇನೆ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 12ರೊಳಗೆ ಬ್ಯಾಂಕಿಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಅವರು ಹೇಳಿದ 15 ದಿನ ಪತ್ರದ ತಾರೀಖಿನಿಂದ ಲೆಕ್ಕ ಹಾಕಿದರೆ ಅವತ್ತಿಗೆ ಮುಗಿಯುತ್ತದೆ. ನಿಮ್ಮ ಕೈಗೆ ಸಿಗುವಷ್ಟರಲ್ಲೇ ಅದರಲ್ಲಿ ಒಂದು ವಾರ ಹೋಗಿತ್ತು. ಉತ್ತರ ಕೊಡದಿದ್ದರೆ ನಿಯಮದ ಪ್ರಕಾರ ನೀವು ಒಪ್ಪಿದಂತೆ ಆಗುವುದಿಲ್ಲ. ಆದರೂ ನಾಲ್ಕು ಸಾಲು ಬರೆದು ಕಳಿಸಿದರೆ ಮುಂದೆ ಆರು ತಿಂಗಳು ಓಡಾಡುವುದು ತಪ್ಪುತ್ತದೆ.

ಈಗ ಪತ್ರಕ್ಕೆ ಬರೋಣ. ಮೇಲೆ ದಪ್ಪ ಅಕ್ಷರದಲ್ಲಿ "ಅಭಿನಂದನೆಗಳು" ಎಂದಿದೆ, ಅದರ ಕೆಳಗೆ ಹೊಸ ಲಿಮಿಟ್. ನಿಮ್ಮ ಕಣ್ಣು ಅಲ್ಲಿಗೇ ಹೋಗಲಿ ಎಂದೇ ಹಾಗೆ ಜೋಡಿಸಿರುತ್ತಾರೆ. ನಿಜಕ್ಕೂ ಈ ಒಂದೇ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಒಂದು, ಲಿಮಿಟ್ ಏರಿಕೆ. ಎರಡು, ಕಾರ್ಡಿನ ದರ್ಜೆ ಬದಲು. ಮೂರು, ಚಾರ್ಜು ಮತ್ತು ಬಡ್ಡಿಯ ಬದಲಾವಣೆ. ಮೂರಕ್ಕೂ ನಿಯಮ ಬೇರೆ. ನೀವು ಒಂದಕ್ಕೆ ಹೂಂ ಅಂದು ಇನ್ನೊಂದಕ್ಕೆ ಬೇಡ ಅನ್ನಬಹುದು. ಆದರೆ ಪತ್ರ ಬರೆದವರು ಮೂರನ್ನೂ ಒಂದೇ ವಾಕ್ಯದಿಂದ ಕಟ್ಟಿಹಾಕಿದ್ದಾರೆ. ಅದಕ್ಕೇ ನಾನು ಇಂಥ ಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೊದಲು ಒಪ್ಪಿಗೆಯ ಸಾಲು, ಆಮೇಲೆ ಚಾರ್ಜು ಮತ್ತು ತಾರೀಖು, ಕೊನೆಗೆ ಲಿಮಿಟ್.

ಒಪ್ಪಿಗೆಯ ಸಾಲು

ನಿಮ್ಮ ಪತ್ರದ ಎರಡನೇ ಪುಟದಲ್ಲಿ, ಸಹಿಯ ಮೇಲೆ, ಸಣ್ಣ ಅಕ್ಷರದ ಒಂದು ವಾಕ್ಯ ಇದೆ. ಅದರ ಸಾರ ಇಷ್ಟು: 15 ದಿನದಲ್ಲಿ ನಿಮ್ಮಿಂದ ಆಕ್ಷೇಪ ಬರದಿದ್ದರೆ, ಅಥವಾ ಅಷ್ಟರಲ್ಲಿ ನೀವು ಕಾರ್ಡ್ ಬಳಸಿದರೆ, "ಮೇಲಿನ ಎಲ್ಲ ಬದಲಾವಣೆಗಳನ್ನೂ" ಒಪ್ಪಿದ್ದೀರಿ ಎಂದು ತಿಳಿಯುತ್ತೇವೆ. ಇಂಗ್ಲಿಷ್ ಪತ್ರದಲ್ಲಿ "ಡೀಮ್ಡ್" ಎಂಬ ಪದ ಇದ್ದರೆ ಸಾಲು ಇದೇ ಜಾತಿಯದು ಎಂದುಕೊಳ್ಳಿ. "ಅನ್‌ಲೆಸ್ ವಿ ಹಿಯರ್ ಫ್ರಂ ಯು" ಎಂದು ಶುರುವಾದರೂ ಅಷ್ಟೇ.

ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳು ಈ ವಿಷಯದಲ್ಲಿ ಗೊಂದಲ ಇಟ್ಟಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕ್ ತಾನಾಗಿಯೇ ಕಾರ್ಡಿನ ದರ್ಜೆ ಏರಿಸುವಂತಿಲ್ಲ, ತಾನಾಗಿಯೇ ಲಿಮಿಟ್ ಏರಿಸುವಂತಿಲ್ಲ. ಷರತ್ತುಗಳು ಬದಲಾದಾಗ ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಲೇಬೇಕು. ಆ ಒಪ್ಪಿಗೆ ನೇರವಾಗಿ ಕೊಟ್ಟದ್ದಾಗಿರಬೇಕು, ಊಹಿಸಿಕೊಂಡದ್ದು ಆಗಬಾರದು. ಲಿಮಿಟ್ ಇಳಿಸುವಾಗ ಮಾತ್ರ ಬರೀ ತಿಳಿಸಿದರೆ ಸಾಕು. ಅಂದರೆ ಇಳಿಸುವುದು ಅವರ ಕೈಯಲ್ಲಿದೆ, ಏರಿಸುವುದು ನಿಮ್ಮ ಕೈಯಲ್ಲಿದೆ.

ಹಾಗಾದರೆ ಸರಿಯಾದ ಒಪ್ಪಿಗೆ ಹೇಗಿರುತ್ತದೆ? ಕಾಗದದಲ್ಲಾದರೆ ನಿಮ್ಮ ಸಹಿ. ಫೋನಿನಲ್ಲಾದರೆ ಬ್ಯಾಂಕಿನ ಆ್ಯಪ್‌ಗೆ ಲಾಗಿನ್ ಆಗಿ, ಹೊಸ ಲಿಮಿಟ್ ತೋರಿಸುವ ಪರದೆಯಲ್ಲಿ ಒಪ್ಪಿದ್ದೇನೆ ಎಂದು ಒತ್ತಿ, ಓಟಿಪಿ ಹಾಕುವುದು. ಓಟಿಪಿ ಬಂದಾಗ ಆರು ಅಂಕಿ ನೋಡಿ ಮೆಸೇಜ್ ಮುಚ್ಚಿಬಿಡಬೇಡಿ. ಅದರಲ್ಲಿ "ಲಿಮಿಟ್ ಏರಿಕೆಗೆ" ಎಂದು ಇದೆಯಾ, "ಕಾರ್ಡ್ ಅಪ್‌ಗ್ರೇಡ್‌ಗೆ" ಎಂದು ಇದೆಯಾ ನೋಡಿ. ನಾಳೆ ತಕರಾರು ಬಂದರೆ ಬ್ಯಾಂಕ್ ತೋರಿಸುವ ದಾಖಲೆ ಅದೇ. ಓಟಿಪಿ ಹಾಕುವ ಮೊದಲು ಪರದೆಯ ಚೌಕಗಳನ್ನೂ ನೋಡಿ. ಕೆಲವು ಮೊದಲೇ ಟಿಕ್ ಆಗಿರುತ್ತವೆ. ಲಿಮಿಟ್ ಮೀರಿ ಖರ್ಚು ಮಾಡುವ ಸೌಲಭ್ಯ, ಕಾರ್ಡಿನ ಮೇಲೆ ಸಾಲದ ಆಫರ್, ಗುಂಪಿನ ಬೇರೆ ಕಂಪನಿಗಳಿಗೆ ಮಾಹಿತಿ ಕೊಡುವುದು, ಇವೆಲ್ಲ ಅಲ್ಲೇ ಇರುತ್ತವೆ. ಲಿಮಿಟ್ ಏರಲು ಇವು ಯಾವುವೂ ಬೇಕಾಗಿಲ್ಲ. ಟಿಕ್ ತೆಗೆದೇ ಮುಂದೆ ಹೋಗಿ.

ನಿಮ್ಮ ಪತ್ರದ ವಾಕ್ಯದಲ್ಲಿ ನನಗೆ ಹೆಚ್ಚು ಕಿರಿಕಿರಿ ಅನಿಸಿದ್ದು "ಕಾರ್ಡ್ ಬಳಸಿದರೆ" ಎಂಬ ಭಾಗ. ನೀವು ಹಳೆ ಲಿಮಿಟ್ ಒಳಗೇ ದಿನಸಿಗೆ 900 ರೂಪಾಯಿ ಕೊಟ್ಟರೂ ಅದನ್ನು ಒಪ್ಪಿಗೆ ಎಂದು ಎಣಿಸಲು ದಾರಿ ಮಾಡಿಕೊಂಡಿದ್ದಾರೆ. ಇದು ನಿಲ್ಲುವ ವಾದ ಅಲ್ಲ. ಆದರೂ ನಿಮ್ಮ ಉತ್ತರ ಅವರಿಗೆ ತಲುಪುವ ತನಕ ಒಟ್ಟು ಬಾಕಿ 80,000 ದಾಟದಂತೆ ನೋಡಿಕೊಳ್ಳಿ. ಹೊಸ ಲಿಮಿಟ್ ಬಳಸಿಕೊಂಡು ಆಮೇಲೆ ಒಪ್ಪಿಲ್ಲ ಎಂದರೆ ನಿಮ್ಮ ಮಾತಿಗೆ ಬೆಲೆ ಕಡಿಮೆಯಾಗುತ್ತದೆ, ಅಲ್ವಾ?

ಚಾರ್ಜುಗಳ ಪಟ್ಟಿ

ಪತ್ರದಲ್ಲಿ ಹೊಸ ದರ ಮಾತ್ರ ಇದೆ, ಹಳೆಯದು ಎಷ್ಟಿತ್ತು ಎಂದು ಇಲ್ಲ. ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ. ಎದುರು ಬದುರು ಇಟ್ಟರೆ ಓದುವವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಹಳೆ ದರ ನಿಮ್ಮ ಸ್ಟೇಟ್‌ಮೆಂಟಿನ ಕೊನೆಯ ಪುಟಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಬ್ಯಾಂಕಿನ ವೆಬ್‌ಸೈಟಿನಲ್ಲಿ "ಎಂಐಟಿಸಿ" ಎಂಬ ಹೆಸರಿನ ಕಡತ ಹುಡುಕಿ. ಅತಿ ಮುಖ್ಯ ಷರತ್ತುಗಳ ಪಟ್ಟಿ ಅದು. ಹಳೆ ಕಡತವನ್ನು ಈಗಲೇ ಇಳಿಸಿಕೊಂಡು ಇಟ್ಟುಕೊಳ್ಳಿ. ಹೊಸ ದರ ಜಾರಿಯಾದ ದಿನ ಅದೇ ಜಾಗದಲ್ಲಿ ಹೊಸ ಕಡತ ಬರುತ್ತದೆ, ಹಳೆಯದು ಸಿಗುವುದಿಲ್ಲ.

ನೀವು ಕಳಿಸಿದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹನ್ನೆರಡು ಸಾಲುಗಳಲ್ಲಿ ಮೂರು ಮಾತ್ರ ಬದಲಾಗಿವೆ.

ಮೊದಲನೆಯದು ಬಡ್ಡಿ. ತಿಂಗಳಿಗೆ ಶೇ 3.5 ಇದ್ದದ್ದು ಶೇ 3.75 ಆಗಿದೆ. ಕಾಲು ಪರ್ಸೆಂಟ್ ತಾನೇ ಅನಿಸುತ್ತದೆ. ವರ್ಷದ ಲೆಕ್ಕದಲ್ಲಿ ಅದು ಶೇ 42ರಿಂದ ಶೇ 45. ಪಟ್ಟಿಯಲ್ಲಿ ವರ್ಷದ ದರವೂ ಇದೆ, ಅದನ್ನೇ ಓದಿ. 40,000 ರೂಪಾಯಿ ಬಾಕಿಯನ್ನು 30 ದಿನ ಮುಂದಕ್ಕೆ ತಳ್ಳಿದರೆ ಹಳೆ ದರದಲ್ಲಿ ಬಡ್ಡಿ ಸುಮಾರು 1,381 ರೂಪಾಯಿ, ಹೊಸ ದರದಲ್ಲಿ ಸುಮಾರು 1,479. ಇದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಒಟ್ಟು ವ್ಯತ್ಯಾಸ ತಿಂಗಳಿಗೆ 116 ರೂಪಾಯಿ ಹತ್ತಿರ. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವವರಿಗೆ ಈ ಸಾಲು ತಟ್ಟುವುದೇ ಇಲ್ಲ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಹಿಂದಿನ ಬಾಕಿ ಸೊನ್ನೆ ಇದೆ, ಹಾಗಾಗಿ ನೀವು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಲಿಮಿಟ್ ಮೂರು ಪಟ್ಟು ಏರಿದ ತಿಂಗಳೇ ಬಡ್ಡಿಯೂ ಏರಿದೆ ಎಂಬುದು ಕಾಕತಾಳೀಯ ಅಲ್ಲ. ಬಾಕಿ ಉಳಿಸುವವರಿಂದ ಅವರಿಗೆ ಬಡ್ಡಿಯ ಆದಾಯ ಬರುತ್ತದೆ.

ಎರಡನೆಯದು ಕಾರ್ಡಿನಿಂದ ನಗದು ತೆಗೆಯುವ ಶುಲ್ಕ. ಶೇ 2.5 ಹಾಗೆಯೇ ಇದೆ, ಆದರೆ ಕನಿಷ್ಠ ಮೊತ್ತ 300ರಿಂದ 500 ರೂಪಾಯಿಗೆ ಏರಿದೆ. ಶೇಕಡಾವಾರು ಬದಲಾಗದೆ ಕನಿಷ್ಠ ಮೊತ್ತ ಬದಲಾದರೆ ಸುಮಾರು ಜನರ ಕಣ್ಣಿಗೆ ಬೀಳುವುದಿಲ್ಲ. 10,000 ರೂಪಾಯಿ ತೆಗೆದರೆ ಶೇ 2.5 ಅಂದರೆ 250. ಅದು ಕನಿಷ್ಠಕ್ಕಿಂತ ಕಡಿಮೆ, ಆದ್ದರಿಂದ ಕನಿಷ್ಠವೇ ಬೀಳುತ್ತದೆ. ಮೊದಲು ಜಿಎಸ್‌ಟಿ ಸೇರಿ 354 ಆಗುತ್ತಿತ್ತು, ಈಗ 590. ನಗದಿಗೆ ಬಡ್ಡಿ ತೆಗೆದ ದಿನದಿಂದಲೇ ಓಡುತ್ತದೆ. ಖರೀದಿಗೆ ಸಿಗುವ ಬಡ್ಡಿಯಿಲ್ಲದ ದಿನಗಳು ಇದಕ್ಕಿಲ್ಲ.

ಮೂರನೆಯದು ಇಡೀ ಪತ್ರದಲ್ಲಿ ನಿಮಗೆ ನಿಜವಾಗಿ ದುಬಾರಿಯಾಗುವ ಸಾಲು. ನಿಮ್ಮ ಹಳೆ ಕಾರ್ಡ್ ಲೈಫ್‌ಟೈಮ್ ಫ್ರೀ. ಹೊಸ ದರ್ಜೆಯ ಕಾರ್ಡಿಗೆ "ಮೊದಲ ವರ್ಷ ಉಚಿತ" ಎಂದಿದೆ. ಎರಡನೇ ವರ್ಷದಿಂದ 1,499 ರೂಪಾಯಿ, ಜಿಎಸ್‌ಟಿ ಸೇರಿ 1,768 ರೂಪಾಯಿ 82 ಪೈಸೆ. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಮನ್ನಾ ಎಂದು ನಕ್ಷತ್ರದ ಗುರುತಿನ ಕೆಳಗೆ ಇದೆ. ಆ ಗುರುತಿನ ಕೆಳಗೇ ಇನ್ನೊಂದು ಮಾತಿದೆ: ಬಾಡಿಗೆ, ಪೆಟ್ರೋಲ್, ವ್ಯಾಲೆಟ್‌ಗೆ ಹಾಕಿದ ಹಣ, ಇಎಂಐ ಮಾಡಿದ ಖರೀದಿ ಈ 2 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಸ್ಟೇಟ್‌ಮೆಂಟ್ ನೋಡಿದರೆ ತಿಂಗಳಿಗೆ ಸುಮಾರು 14,000 ಖರ್ಚಿದೆ, ಅದರಲ್ಲಿ ಪೆಟ್ರೋಲಿಗೇ 4,000. ಉಳಿದ 10,000ವನ್ನು ಹನ್ನೆರಡರಿಂದ ಗುಣಿಸಿದರೂ 1,20,000 ಆಗುತ್ತದೆ. ಮನ್ನಾ ಸಿಗುವುದಿಲ್ಲ. ಹೊಸ ಕಾರ್ಡಿನ ವಿಮಾನ ನಿಲ್ದಾಣದ ಲೌಂಜ್ ಸೌಲಭ್ಯ ನಿಮಗೆ ಬೇಕಿದ್ದರೆ ವಿಷಯ ಬೇರೆ. ಇಲ್ಲವಾದರೆ ಕಾರ್ಡಿನ ದರ್ಜೆ ಬದಲಿಗೆ ಬೇಡ ಎನ್ನಿ.

ಲಿಮಿಟ್ ಏರಲು ಕಾರ್ಡ್ ಬದಲಾಗಲೇಬೇಕಾ ಎಂದು ಬ್ಯಾಂಕನ್ನು ನೇರವಾಗಿ ಕೇಳಿ. ಹಲವು ಸಲ ಬೇಕಿರುವುದಿಲ್ಲ. ಕೆಲವು ಬ್ಯಾಂಕುಗಳು ಕೆಳ ದರ್ಜೆಯ ಕಾರ್ಡಿಗೆ ಒಂದು ಗರಿಷ್ಠ ಲಿಮಿಟ್ ಇಟ್ಟಿರುತ್ತವೆ. ಹಾಗಿದ್ದರೆ ಹಳೆ ಕಾರ್ಡಿನಲ್ಲೇ ಎಷ್ಟರ ತನಕ ಏರಿಸುತ್ತೀರಿ ಎಂದು ಕೇಳಿ.

ತಾರೀಖುಗಳು

ನಿಮ್ಮ ಪತ್ರದಲ್ಲಿ ನಾಲ್ಕು ತಾರೀಖುಗಳಿವೆ. ಪತ್ರದ್ದು ಆಗಸ್ಟ್ 28. ಉತ್ತರಕ್ಕೆ ಗಡುವು ಸೆಪ್ಟೆಂಬರ್ 12. ಹೊಸ ಲಿಮಿಟ್ "ಒಪ್ಪಿದ ಎರಡು ಕೆಲಸದ ದಿನಗಳಲ್ಲಿ". ಹೊಸ ಚಾರ್ಜು ಸೆಪ್ಟೆಂಬರ್ 15ರಿಂದ. ಲಿಮಿಟ್‌ಗೆ ಜಾರಿ ತಾರೀಖು ನಿಮ್ಮ ಒಪ್ಪಿಗೆಯ ಮೇಲೆ ನಿಂತಿದೆ, ಚಾರ್ಜಿಗೆ ಮಾತ್ರ ಅವರೇ ತಾರೀಖು ಇಟ್ಟುಬಿಟ್ಟಿದ್ದಾರೆ. ತೊಂದರೆ ಇರುವುದು ಇಲ್ಲೇ.

ಬಡ್ಡಿ ಬಿಟ್ಟು ಬೇರೆ ಯಾವ ಚಾರ್ಜು ಬದಲಿಸುವುದಿದ್ದರೂ ಕನಿಷ್ಠ ಒಂದು ತಿಂಗಳು ಮೊದಲೇ ತಿಳಿಸಬೇಕು, ಬದಲಾವಣೆ ಮುಂದಕ್ಕೆ ಮಾತ್ರ ಅನ್ವಯಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆಗಸ್ಟ್ 28ರ ಪತ್ರಕ್ಕೆ ಒಂದು ತಿಂಗಳು ಅಂದರೆ ಸೆಪ್ಟೆಂಬರ್ 28. ಪತ್ರ ತಲುಪಿದ ದಿನದಿಂದ ಎಣಿಸಿದರೆ ಇನ್ನೂ ತಡ. ಸೆಪ್ಟೆಂಬರ್ 15 ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ. ಬ್ಯಾಂಕ್ ಇದಕ್ಕೂ ಮೊದಲು ಇಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ಇದೇ ಬದಲಾವಣೆ ತಿಳಿಸಿದ್ದರೆ ಮಾತ್ರ ಆ ತಾರೀಖು ನಿಲ್ಲುತ್ತದೆ. ಆದ್ದರಿಂದ ಆಗಸ್ಟ್ ಮೊದಲರ್ಧದ ಇಮೇಲ್‌ಗಳನ್ನು ಒಮ್ಮೆ ಹುಡುಕಿ ನೋಡಿ. ಜಾಹೀರಾತಿನ ಫೋಲ್ಡರನ್ನೂ ಬಿಡಬೇಡಿ, ಇಂಥವು ಹೆಚ್ಚಾಗಿ ಅಲ್ಲಿಗೇ ಹೋಗಿ ಬಿದ್ದಿರುತ್ತವೆ.

ಈ ತಪ್ಪು ಬಿಲ್ಲಿನಲ್ಲಿ ಹೇಗೆ ಕಾಣುತ್ತದೆ? ನಿಮ್ಮ ಬಿಲ್ ತಯಾರಾಗುವುದು ಪ್ರತಿ ತಿಂಗಳ 20ಕ್ಕೆ. ನೀವು ಸೆಪ್ಟೆಂಬರ್ 17ರಂದು 10,000 ರೂಪಾಯಿ ನಗದು ತೆಗೆದಿರಿ ಎಂದುಕೊಳ್ಳೋಣ. 20ರ ಬಿಲ್ಲಿನಲ್ಲಿ ನಗದು ಶುಲ್ಕ 500, ಜಿಎಸ್‌ಟಿ 90 ಎಂದು ಬಂದರೆ ಅವರು ಹೊಸ ದರವನ್ನು ಬೇಗನೆ ಹಾಕಿದ್ದಾರೆ ಎಂದರ್ಥ. 300 ಮತ್ತು 54 ಬರಬೇಕಿತ್ತು. ಹೆಚ್ಚಾದ 236 ರೂಪಾಯಿ ವಾಪಸ್ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಕೇಳಿದರೆ ಸಾಮಾನ್ಯವಾಗಿ ವಾದ ಮಾಡದೆ ಕೊಡುತ್ತಾರೆ, ಯಾಕೆಂದರೆ ತಾರೀಖಿನ ಲೆಕ್ಕಕ್ಕೆ ಉತ್ತರ ಇರುವುದಿಲ್ಲ.

ಬಡ್ಡಿಯ ವಿಷಯದಲ್ಲಿ ಒಂದು ತಿಂಗಳ ಆ ನಿಯಮವನ್ನು ಮುಂದಿಡಬೇಡಿ. ಅದರಲ್ಲಿ "ಬಡ್ಡಿ ಬಿಟ್ಟು" ಎಂದೇ ಇದೆ. ಬಡ್ಡಿಗೆ ಷರತ್ತು ಬದಲಾದರೆ ಸ್ಪಷ್ಟ ಒಪ್ಪಿಗೆ ಬೇಕು ಎಂಬ ಇನ್ನೊಂದು ನಿಯಮ ಹಿಡಿಯಬೇಕು. ನಿಜ ಹೇಳಬೇಕೆಂದರೆ ಬ್ಯಾಂಕ್ ನಿಮಗೊಬ್ಬರಿಗೆ ಹಳೆ ಬಡ್ಡಿ ದರ ಉಳಿಸಿಕೊಡುವುದು ಕಷ್ಟ. ಚಾರ್ಜು ನಿಮಗೆ ನಷ್ಟವಾಗುವಂತೆ ಬದಲಾಗಿದೆ ಎಂದು ಕಾರ್ಡ್ ವಾಪಸ್ ಕೊಡುವ ಹಕ್ಕು ಇದೆ. ಬಾಕಿ ಎಲ್ಲ ಕಟ್ಟಿದರೆ ಸಾಕು, ಅದಕ್ಕೆಂದು ಬೇರೆ ಶುಲ್ಕ ಹಾಕುವಂತಿಲ್ಲ. ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ.

ಕೊನೆಗೆ, ಲಿಮಿಟ್

2,40,000 ಒಪ್ಪಿಕೊಳ್ಳಬೇಕಾ? ಪೂರ್ತಿ ಒಪ್ಪಬೇಕೆಂದೇನೂ ಇಲ್ಲ. ನಡುವಿನ ಒಂದು ಮೊತ್ತ ಕೇಳಬಹುದು. ಹಲವು ಆ್ಯಪ್‌ಗಳಲ್ಲಿ ಮೊತ್ತ ನೀವೇ ಆರಿಸಿಕೊಳ್ಳುವ ಜಾಗ ಇರುತ್ತದೆ.

ಏರಿಕೆಯಿಂದ ಲಾಭ ಇದೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಮಾರ್ಚ್ ತಿಂಗಳಲ್ಲಿ "ಓವರ್‌ಲಿಮಿಟ್" ಎಂದು 590 ರೂಪಾಯಿ ಹೋಗಿದೆ, ಗಮನಿಸಿದಿರಾ? ಫ್ರಿಜ್ ಕೊಂಡ ತಿಂಗಳು ಬಾಕಿ 81,500 ಆಗಿತ್ತು. ಮೀರಿದ್ದು 1,500 ಮಾತ್ರ. ಅದರ ಶೇ 2.5 ಅಂದರೆ 37 ರೂಪಾಯಿ ಐವತ್ತು ಪೈಸೆ, ಆದರೆ ಕನಿಷ್ಠ 500 ಇರುವುದರಿಂದ ಜಿಎಸ್‌ಟಿ ಸೇರಿ 590 ಬಿತ್ತು. ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಲಿಮಿಟ್ ಮೀರಲು ಬಿಡುವಂತೆಯೇ ಇಲ್ಲ. ಆದ್ದರಿಂದ ಓವರ್‌ಲಿಮಿಟ್ ಸೌಲಭ್ಯಕ್ಕೆ ನೀವು ಯಾವಾಗ ಒಪ್ಪಿದ್ದಿರಿ ಎಂದು ನಿಮ್ಮ ಉತ್ತರದಲ್ಲೇ ಕೇಳಿಬಿಡಿ. ದಾಖಲೆ ಇಲ್ಲದಿದ್ದರೆ ಆ 590 ವಾಪಸ್ ಬರಬೇಕು. ಆ್ಯಪ್‌ನಲ್ಲಿ ಈ ಸೌಲಭ್ಯದ ಸ್ವಿಚ್ ಇದ್ದರೆ ಆಫ್ ಮಾಡಿಡಿ. ಆಗ ಲಿಮಿಟ್ ಮುಗಿದರೆ ಅಂಗಡಿಯಲ್ಲಿ ಕಾರ್ಡ್ ನಡೆಯುವುದಿಲ್ಲ ಅಷ್ಟೇ, ದಂಡ ಬೀಳುವುದಿಲ್ಲ.

ಕ್ರೆಡಿಟ್ ಸ್ಕೋರಿಗೂ ಸಾಮಾನ್ಯವಾಗಿ ಒಳ್ಳೆಯದೇ. 80,000 ಲಿಮಿಟ್‌ನಲ್ಲಿ 40,000 ಬಳಸಿದರೆ ಅರ್ಧ ಬಳಸಿದಂತೆ. 2,40,000ದಲ್ಲಿ ಅದೇ 40,000 ಆರರಲ್ಲಿ ಒಂದು ಭಾಗ.

ನೋಡಬೇಕಾದದ್ದು ಲಿಮಿಟ್‌ನ ಒಳಗಿರುವ ಇನ್ನೊಂದು ಅಂಕಿ, ನಗದು ಲಿಮಿಟ್. ಮೊದಲು 16,000 ಇತ್ತು, ಅಂದರೆ ಲಿಮಿಟ್‌ನ ಶೇ 20. ಈಗ 96,000, ಅಂದರೆ ಶೇ 40. ಒಟ್ಟು ಲಿಮಿಟ್ ಮೂರು ಪಟ್ಟಾದರೆ ಇದು ಆರು ಪಟ್ಟಾಗಿದೆ. ಇದು 2,40,000ಕ್ಕೆ ಸೇರಿಸಿ ಕೊಟ್ಟದ್ದಲ್ಲ, ಅದರ ಒಳಗೇ ಇರುವ ಪಾಲು. ಕಾರ್ಡು ಮತ್ತು ಪಿನ್ ಬೇರೆಯವರ ಕೈಗೆ ಸಿಕ್ಕರೆ ಎಟಿಎಂನಿಂದ ಖಾಲಿಯಾಗಬಹುದಾದ ಮೊತ್ತವೂ ಇದೇ. ನೀವು ಕಾರ್ಡಿನಿಂದ ನಗದು ತೆಗೆದದ್ದೇ ಇಲ್ಲ. ಹಾಗಾಗಿ 16,000ಕ್ಕೇ ನಿಲ್ಲಿಸಿ ಎಂದು ಬರೆಯಿರಿ.

ಮಗಳ ಕಾರ್ಡಿನ ವಿಷಯ. ಆಡ್-ಆನ್ ಕಾರ್ಡಿಗೆ ಬೇರೆ ಲಿಮಿಟ್ ಇಟ್ಟಿಲ್ಲದಿದ್ದರೆ ಅದು ನಿಮ್ಮ ಲಿಮಿಟನ್ನೇ ಹಂಚಿಕೊಳ್ಳುತ್ತದೆ. ನೀವು ಒಪ್ಪಿದ ಕ್ಷಣ ಅವಳ ಕಾರ್ಡೂ 2,40,000ದ್ದಾಗುತ್ತದೆ. ಖರ್ಚು ಯಾರೇ ಮಾಡಿದರೂ ಕಟ್ಟುವ ಹೊಣೆ ನಿಮ್ಮದು. ಅವಳು ಎಚ್ಚರದವಳೇ ಇರಬಹುದು, ಆದರೆ ಕಾರ್ಡ್ ಕಳೆದುಹೋಗುವುದಕ್ಕೆ ಎಚ್ಚರ ಮಾತ್ರ ಸಾಲದು. ಅವಳ ಕಾರ್ಡಿಗೆ ಈಗ ಎಷ್ಟು ಸಾಕೋ ಅಷ್ಟೇ ಮೊತ್ತ ಇಡಿಸಿ.

ಉತ್ತರ ಬರೆಯುವುದು

ಬರೆಯುವ ಮೊದಲು ಪತ್ರ ಬ್ಯಾಂಕಿನದೇ ಎಂದು ಖಚಿತ ಮಾಡಿಕೊಳ್ಳಿ. "ಲಿಮಿಟ್ ಏರಿಸುತ್ತೇವೆ" ಎನ್ನುವುದು ವಂಚಕರಿಗೂ ಇಷ್ಟದ ಮಾತು. ಪತ್ರದಲ್ಲಿರುವ ಕ್ಯೂಆರ್ ಕೋಡ್ ಅಥವಾ ಲಿಂಕ್ ಮೂಲಕ ಹೋಗಬೇಡಿ. ಬ್ಯಾಂಕಿನ ಆ್ಯಪ್ ನೀವೇ ತೆರೆದು ಅಲ್ಲಿ ಇದೇ ಆಫರ್, ಇದೇ ಮೊತ್ತ ಕಾಣುತ್ತದೆಯೇ ನೋಡಿ. ಭಾರತದ ಬ್ಯಾಂಕುಗಳ ವೆಬ್ ವಿಳಾಸ ಈಗ `.bank.in` ಎಂದು ಮುಗಿಯುತ್ತದೆ, ಅದನ್ನೂ ಗಮನಿಸಿ. ಲಿಮಿಟ್ ಏರಿಸಲು ಫೋನಿನಲ್ಲಿ ಓಟಿಪಿ, ಕಾರ್ಡ್ ಹಿಂದಿನ ಮೂರಂಕಿ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ.

ಬ್ಯಾಂಕಿನಲ್ಲಿ ನೋಂದಾಯಿಸಿದ ನಿಮ್ಮ ಇಮೇಲ್‌ನಿಂದ ಹೀಗೆ ಬರೆದರೆ ಸಾಕು:

"ನಿಮ್ಮ ಆಗಸ್ಟ್ 28ರ ಪತ್ರ ಸೆಪ್ಟೆಂಬರ್ 4ರಂದು ತಲುಪಿದೆ. ಕೊನೆಯ ನಾಲ್ಕು ಅಂಕಿ ಇಂತಿರುವ ನನ್ನ ಕಾರ್ಡಿಗೆ ಲಿಮಿಟ್ 1,50,000ಕ್ಕೆ ಏರಿಸಲು ಮಾತ್ರ ನನ್ನ ಒಪ್ಪಿಗೆ ಇದೆ. ನಗದು ಲಿಮಿಟ್ 16,000 ಮೀರಬಾರದು. ಕಾರ್ಡಿನ ದರ್ಜೆ ಬದಲಿಗೆ ಮತ್ತು ವಾರ್ಷಿಕ ಶುಲ್ಕಕ್ಕೆ ಒಪ್ಪಿಗೆ ಇಲ್ಲ. ಲಿಮಿಟ್ ಮೀರುವ ಸೌಲಭ್ಯ ಬೇಡ, ಅದಕ್ಕೆ ನಾನು ಯಾವಾಗ ಒಪ್ಪಿದ್ದೆ ಎಂಬ ದಾಖಲೆ ತೋರಿಸಿ. ಉತ್ತರ ಕೊಡದಿದ್ದರೆ ಅಥವಾ ಕಾರ್ಡ್ ಬಳಸಿದರೆ ಒಪ್ಪಿದಂತೆ ಎಂಬ ಷರತ್ತನ್ನು ನಾನು ಒಪ್ಪುವುದಿಲ್ಲ. ಹೊಸ ಚಾರ್ಜುಗಳನ್ನು ಒಂದು ತಿಂಗಳ ಮುನ್ಸೂಚನೆಯ ನಂತರವೇ ಹಾಕಬೇಕು. ದೂರು ಸಂಖ್ಯೆ ಕೊಡಿ."

1,50,000 ಎಂದು ನಾನು ಬರೆದದ್ದು ನಿಮ್ಮ ಖರ್ಚು ನೋಡಿ. ನಿಮಗೆ ಸರಿ ಅನಿಸಿದ ಮೊತ್ತ ಹಾಕಿಕೊಳ್ಳಿ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಹೇಳಿದ್ದೇ ಸಾಕು ಎಂದು ಬಿಡಬೇಡಿ, ಮಾತಾಡಿದರೂ ಇಮೇಲ್ ಕಳಿಸಿ. ಇಂದಿನ ಆ್ಯಪ್ ಪರದೆಯಲ್ಲಿ ಲಿಮಿಟ್ 80,000 ಎಂದು ತೋರಿಸುವ ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ.

ಆಮೇಲೆ ಸೆಪ್ಟೆಂಬರ್ 20ರ ಬಿಲ್ ಬಂದಾಗ ಮೊದಲ ಪುಟದ ಮೂರು ಅಂಕಿ ನೋಡಿ: ಒಟ್ಟು ಲಿಮಿಟ್, ಉಳಿದ ಲಿಮಿಟ್, ನಗದು ಲಿಮಿಟ್. ನೀವು ಒಪ್ಪಿದ್ದಕ್ಕೆ ತಾಳೆಯಾಗದಿದ್ದರೆ ಅದೇ ದೂರು ಸಂಖ್ಯೆ ಹಾಕಿ ಮತ್ತೆ ಬರೆಯಿರಿ. ಹೊಸ ದರ್ಜೆಯ ಕಾರ್ಡ್ ಕೊರಿಯರಿನಲ್ಲಿ ಬಂದೇ ಬಿಟ್ಟರೆ ಆ್ಯಕ್ಟಿವೇಟ್ ಮಾಡಬೇಡಿ, ಬೇಡ ಎಂದು ತಿಳಿಸಿ. ನಿಮ್ಮ ಒಪ್ಪಿಗೆ ಇಲ್ಲದೆ ಕಾರ್ಡಿನ ದರ್ಜೆ ಏರಿಸಿ, ಆ್ಯಕ್ಟಿವೇಟ್ ಮಾಡಿ, ಶುಲ್ಕವನ್ನೂ ಬಿಲ್ ಮಾಡಿದರೆ ಅದನ್ನು ವಾಪಸ್ ಕೊಡುವುದರ ಜೊತೆಗೆ ಅದರ ಎರಡರಷ್ಟು ದಂಡವನ್ನೂ ಬ್ಯಾಂಕ್ ನಿಮಗೆ ಕೊಡಬೇಕು. 1,768 ರೂಪಾಯಿ 82 ಪೈಸೆ ಹಾಕಿದ್ದರೆ ಅದು ವಾಪಸ್, ಮೇಲೆ 3,537 ರೂಪಾಯಿ 64 ಪೈಸೆ ದಂಡ. ಕೌಂಟರಿನಲ್ಲಿ ಕೂತವರಿಗೆ ಈ ನಿಯಮ ಗೊತ್ತಿರದಿರಬಹುದು, ಬ್ಯಾಂಕಿನ ದೂರು ಪರಿಹಾರ ವಿಭಾಗಕ್ಕೆ ಗೊತ್ತಿರುತ್ತದೆ.

ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, `cms.rbi.org.in` ನಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ದಾರಿ ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳಿ. ಪತ್ರದ ಎರಡೂ ಪುಟ, ಲಕೋಟೆಯ ಮೇಲಿನ ಅಂಚೆ ಮುದ್ರೆ, ನಿಮ್ಮ ಇಮೇಲ್, ಎರಡು ತಿಂಗಳ ಸ್ಟೇಟ್‌ಮೆಂಟ್ ಇಷ್ಟನ್ನು ಸೇರಿಸಿ. ಲಕೋಟೆ ಎಸೆದಿಲ್ಲ ತಾನೇ? ಪತ್ರ ತಲುಪಿದ್ದು ತಡವಾಗಿ ಎಂಬುದಕ್ಕೆ ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ.